ಚಿತ್ರದ ಕೆಳಗಿನ ಎರಡು ಸಾಲು

ಫೋಟೊದಲ್ಲಿ ಮೋಸ ಅಂದ ಕೂಡಲೇ ಎಲ್ಲರ ಬೆರಳೂ ಫೋಟೊಶಾಪ್ ಕಡೆಗೆ ಹೋಗುತ್ತದೆ. ಆದರೆ ಈ ಜಗಳ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು. ಅದರ ಮೊದಮೊದಲ ಅಧ್ಯಾಯಗಳಲ್ಲಿ ಒಂದು ನಮ್ಮ ಲಖನೌದಲ್ಲೇ ಇದೆ.

1857ರ ನವೆಂಬರಿನಲ್ಲಿ ಬ್ರಿಟಿಷ್ ಪಡೆಗಳು ಅಲ್ಲಿನ ಸಿಕಂದರ್ ಬಾಗ್ ಮೇಲೆ ನುಗ್ಗಿ, ಒಳಗಿದ್ದ ದಂಗೆಕೋರ ಸಿಪಾಯಿಗಳನ್ನು ಕೊಂದವು. ಫೆಲೀಚೆ ಬಿಯಾಟೊ ಎಂಬ ಛಾಯಾಗ್ರಾಹಕ ಕ್ಯಾಮೆರಾ ಹಿಡಿದು ಅಲ್ಲಿಗೆ ಬಂದದ್ದು 1858ರಲ್ಲಿ, ತಿಂಗಳುಗಳು ಕಳೆದ ಮೇಲೆ. ಆದರೂ ಅವನ ಚಿತ್ರದಲ್ಲಿ ಒಡೆದ ಕಟ್ಟಡದ ಮುಂದಿನ ಅಂಗಳದ ತುಂಬ ತಲೆಬುರುಡೆ, ಮೂಳೆಗಳು ಹರಡಿವೆ. ಆ ಕಾಲದ ಬ್ರಿಟಿಷ್ ಅಧಿಕಾರಿ ಜಾರ್ಜ್ ಕ್ಯಾಂಬೆಲ್ ತನ್ನ ನೆನಪುಗಳಲ್ಲಿ ಇದರ ಗುಟ್ಟು ಬಿಟ್ಟುಕೊಟ್ಟಿದ್ದಾನೆ. ಹೆಣಗಳನ್ನು ಆಗಲೇ ಮುಚ್ಚಲಾಗಿತ್ತು, ಫೋಟೊಗಾಗಿ ಅವನ್ನು ಮತ್ತೆ ತೆರೆಸಲಾಯಿತು ಎಂದು. ಚಿತ್ರದ ಕೆಳಗಿನ ಬರಹ ಹೇಳುವುದು ಬೇರೆ: ಎರಡು ಸಾವಿರ ಬಂಡುಕೋರರ ಹತ್ಯೆಯ ನಂತರ ಸಿಕಂದರ್ ಬಾಗಿನ ಒಳಭಾಗ. ಆ ‘ನಂತರ’ ಸುಳ್ಳಲ್ಲ. ಆದರೆ ಎಷ್ಟು ದಿನದ ನಂತರ ಅನ್ನುವುದನ್ನು ಅದು ಹೇಳುವುದಿಲ್ಲ, ಮೂಳೆಗಳು ಮೇಲೆ ಹೇಗೆ ಬಂದವು ಅನ್ನುವುದನ್ನಂತೂ ಹೇಳುವುದೇ ಇಲ್ಲ.

ಐದು ವರ್ಷದ ನಂತರ ಅಮೆರಿಕದಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. ಅಲ್ಲಿನ ಅಂತರ್ಯುದ್ಧದಲ್ಲಿ ಗೆಟಿಸ್‌ಬರ್ಗ್ ಕದನ 1863ರ ಜುಲೈ 1ರಿಂದ 3ರವರೆಗೆ ನಡೆಯಿತು. ಅದು ಮುಗಿದ ಮೇಲೆ ಅಲೆಕ್ಸಾಂಡರ್ ಗಾರ್ಡ್‌ನರ್ ತನ್ನ ಜೊತೆಗಾರರೊಂದಿಗೆ ಅಲ್ಲಿಗೆ ತಲುಪಿದ. ಆಗಿನ ಕ್ಯಾಮೆರಾಕ್ಕೆ ಓಡುವ ಸೈನಿಕ ಸಿಗುತ್ತಿರಲಿಲ್ಲ. ಗಾಜಿನ ಫಲಕದ ಮೇಲೆ ಚಿತ್ರ ಮೂಡಲು ಹಲವು ಸೆಕೆಂಡು ಬೇಕಿತ್ತು. ಅಲುಗಾಡದೆ ಸಿಗುತ್ತಿದ್ದವರು ಸತ್ತವರು ಮಾತ್ರ.

1866ರಲ್ಲಿ ಗಾರ್ಡ್‌ನರ್ ಪ್ರಕಟಿಸಿದ ಚಿತ್ರಸಂಪುಟದಲ್ಲಿ ಎರಡು ಚಿತ್ರಗಳು ಒಂದರ ಹಿಂದೆ ಒಂದು ಬರುತ್ತವೆ. ಮೊದಲನೆಯದರಲ್ಲಿ ಇಳಿಜಾರಿನ ಮೇಲೆ ಒಬ್ಬ ಸತ್ತು ಬಿದ್ದಿದ್ದಾನೆ. ಅವನು ದೂರದಿಂದ ಗುರಿಯಿಟ್ಟು ಹೊಡೆಯುವ ಗುರಿಕಾರ, ಗುಂಡು ತಗಲಿ ಬಿದ್ದಲ್ಲೇ ಸತ್ತ ಎನ್ನುತ್ತದೆ ಬರಹ. ಎರಡನೆಯದರಲ್ಲಿ ಎರಡು ದೊಡ್ಡ ಬಂಡೆಗಳ ನಡುವೆ ಕಲ್ಲಿನ ಗೋಡೆ, ಅದರ ಹಿಂದೆ ದಕ್ಷಿಣದ ಪಡೆಯ ಗುರಿಕಾರನ ಹೆಣ, ಗೋಡೆಗೆ ಒರಗಿಸಿದ ಬಂದೂಕು. ಇವನ ತಲೆಗೆ ಶೆಲ್ಲಿನ ಚೂರು ಬಡಿಯಿತು, ಕಂಬಳಿಯ ಮೇಲೆ ಮಲಗಿ ಸಾವಿಗಾಗಿ ಕಾದ ಎಂದು ಕಥೆ. ಅಷ್ಟಕ್ಕೇ ನಿಲ್ಲಿಸದೆ, ನವೆಂಬರಿನಲ್ಲಿ ಮತ್ತೆ ಹೋದಾಗ ಆ ಅಸ್ಥಿಪಂಜರ ಅಲ್ಲೇ ಇತ್ತು, ಬಂದೂಕು ತುಕ್ಕು ಹಿಡಿದು ನಿಂತಿತ್ತು ಎಂದೂ ಗಾರ್ಡ್‌ನರ್ ಬರೆದ.

ಸುಮಾರು ನೂರು ವರ್ಷ ಇದನ್ನು ಯಾರೂ ಪ್ರಶ್ನಿಸಲಿಲ್ಲ. 1961ರಲ್ಲಿ ಫ್ರೆಡರಿಕ್ ರೇ ಎಂಬಾತ ಎರಡೂ ಚಿತ್ರದಲ್ಲಿರುವುದು ಒಬ್ಬನೇ ಮನುಷ್ಯ ಎಂದು ಗುರುತಿಸಿದ. 1975ರಲ್ಲಿ ಇತಿಹಾಸಕಾರ ವಿಲಿಯಂ ಫ್ರಾಸನಿಟೊ ಉಳಿದದ್ದನ್ನು ಬಿಡಿಸಿಟ್ಟ. ಗಾರ್ಡ್‌ನರ್ ತಂಡ ತೆಗೆದ ಬೇರೆ ಚಿತ್ರಗಳನ್ನೂ ಜೊತೆಗಿಟ್ಟು, ಅದೇ ಬಂಡೆಗಳ ಹತ್ತಿರ ಹೋಗಿ ನಿಂತು, ಪ್ರತಿಯೊಂದನ್ನೂ ಎಲ್ಲಿಂದ ತೆಗೆದರು ಎಂದು ಹುಡುಕಿದ. ಹೆಣ ಮೊದಲು ಇದ್ದದ್ದು ಇಳಿಜಾರಿನಲ್ಲಿ. ಅಲ್ಲಿ ಹಲವು ಚಿತ್ರ ತೆಗೆದಾದ ಮೇಲೆ ಅದನ್ನು ಬಂಡೆಗಳವರೆಗೆ ಸಾಗಿಸಿದ್ದಾರೆ. ಸಾಯುವವನು ತಾನೇ ಹಾಸಿಕೊಂಡ ಎಂದ ಕಂಬಳಿ, ಹೊತ್ತೊಯ್ಯಲು ಬಳಸಿದ್ದಿರಬೇಕು. ಬಂದೂಕು ಗುರಿಕಾರರು ಬಳಸುವ ಬಗೆಯದ್ದಲ್ಲ, ಮಾಮೂಲಿ ಕಾಲಾಳಿನದು. ನವೆಂಬರಿನ ಕಥೆಯಂತೂ ನಿಲ್ಲುವುದೇ ಇಲ್ಲ. ಅಷ್ಟು ಹೊತ್ತಿಗೆ ಹೆಣಗಳನ್ನು ಹೂತಿದ್ದರು, ಕದನದ ನೆನಪಿಗೆಂದು ಸಿಕ್ಕಿದ್ದನ್ನೆಲ್ಲ ಆಯ್ದುಕೊಂಡು ಹೋಗುವ ಜನ ಆ ಜಾಗವನ್ನು ಜಾಲಾಡಿದ್ದರು.

ಇಲ್ಲಿ ಒಂದು ಮಾತು. ಗಾರ್ಡ್‌ನರನ ಕಾಲದಲ್ಲಿ ಪತ್ರಿಕಾ ಛಾಯಾಗ್ರಾಹಕರಿಗೆ ನಿಯಮ ಅಂತ ಏನೂ ಇರಲಿಲ್ಲ, ಹಾಗಾಗಿ ಹೆಣ ಸರಿಸಿದ್ದಕ್ಕೆ ಅವನನ್ನು ಇಂದಿನ ಕಟಕಟೆಗೆ ಎಳೆಯಬಾರದು ಎನ್ನುವವರಿದ್ದಾರೆ. ಒಪ್ಪೋಣ. ಆದರೆ ನವೆಂಬರಿನ ಕಥೆಯನ್ನು ಕ್ಯಾಮೆರಾ ಹೇಳಲಿಲ್ಲ, ಅವನ ಪೆನ್ನು ಹೇಳಿತು. ಕಟ್ಟುಕಥೆ ಬರೆಯಬಾರದು ಅನ್ನುವುದು ಆಗಲೂ ಗೊತ್ತಿದ್ದ ವಿಷಯವೇ, ಅಲ್ವಾ?

ಗಾರ್ಡ್‌ನರ್ ಸಿಕ್ಕಿಬಿದ್ದದ್ದು ಇನ್ನೊಂದು ಚಿತ್ರದಿಂದ. ಡಿಜಿಟಲ್ ಕಾಲದಲ್ಲೂ ಪತ್ತೆ ನಡೆದದ್ದು ಜಾಸ್ತಿ ಹೀಗೇ, ಹೋಲಿಸಿ ನೋಡಿ. 2003ರ ಮಾರ್ಚ್ 31ರಂದು ‘ಲಾಸ್ ಏಂಜಲಿಸ್ ಟೈಮ್ಸ್’ ಮುಖಪುಟದಲ್ಲಿ ಇರಾಕಿನ ಬಸ್ರಾದ ಬಳಿಯ ಚಿತ್ರ ಬಂತು. ಬ್ರಿಟಿಷ್ ಸೈನಿಕನೊಬ್ಬ ಕೈ ಚಾಚಿ ಜನರಿಗೆ ಕುಳಿತುಕೊಳ್ಳಲು ಹೇಳುತ್ತಿದ್ದಾನೆ, ಮಗುವನ್ನು ಎತ್ತಿಕೊಂಡ ಒಬ್ಬ ಅವನತ್ತ ಬರುತ್ತಿದ್ದಾನೆ. ಅದೇ ಸಂಸ್ಥೆಯ ‘ಹಾರ್ಟ್‌ಫರ್ಡ್ ಕೊರಂಟ್’ ಪತ್ರಿಕೆಯೂ ಅದನ್ನು ಬಳಸಿತ್ತು. ಹಿಂದೆ ಕುಳಿತ ಗುಂಪಿನಲ್ಲಿ ಕೆಲವರು ಎರಡೆರಡು ಸಲ ಕಾಣುತ್ತಿದ್ದಾರೆ ಎಂದು ಅಲ್ಲಿನ ಸಿಬ್ಬಂದಿಯೊಬ್ಬರ ಕಣ್ಣಿಗೆ ಬಿತ್ತು.

ಛಾಯಾಗ್ರಾಹಕ ಬ್ರಯನ್ ವಾಲ್‌ಸ್ಕಿ ಒಪ್ಪಿಕೊಂಡ. ಕೆಲವೇ ಕ್ಷಣಗಳ ಅಂತರದಲ್ಲಿ ತೆಗೆದ ಎರಡು ಚಿತ್ರ. ಒಂದರಲ್ಲಿ ಸೈನಿಕನ ನಿಲುವು ಚೆನ್ನಾಗಿತ್ತು, ಇನ್ನೊಂದರಲ್ಲಿ ಮಗು ಎತ್ತಿಕೊಂಡವನದು. ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಸೇರಿಸಿದ್ದ. ಕೆಲಸ ಹೋಯಿತು. ಸೈನಿಕ ಇದ್ದ, ಮಗು ಇತ್ತು, ಜಾಗವೂ ಅದೇ. ಆದರೆ ಬಂದೂಕು ಹಿಡಿದ ಸೈನಿಕ ಆ ಭಂಗಿಯಲ್ಲಿ ಆ ಮನುಷ್ಯನಿಗೇ ಎದುರಾಗಿ ನಿಂತ ಆ ಕ್ಷಣ ನಡೆದೇ ಇರಲಿಲ್ಲ. ಓದುಗರಿಗೆ ನಾಟಿದ್ದು ಅದೇ.

ನಮ್ಮಲ್ಲೂ 2015ರ ಡಿಸೆಂಬರಿನಲ್ಲಿ ಇಂಥದ್ದೇ ಆಯಿತು. ಪ್ರಧಾನಿ ಚೆನ್ನೈ ಪ್ರವಾಹವನ್ನು ಆಕಾಶದಿಂದ ನೋಡುತ್ತಿರುವ ಚಿತ್ರಕ್ಕೆ ಪತ್ರಿಕಾ ಮಾಹಿತಿ ಕಾರ್ಯಾಲಯ ಕಿಟಕಿಯಲ್ಲಿ ಬೇರೆಯೇ, ಸ್ಪಷ್ಟವಾದ ನೋಟ ಕೂರಿಸಿ ಹಂಚಿತು. ಮಸುಕಾದ ಕಿಟಕಿಯ ಮೂಲ ಚಿತ್ರವೂ ಹರಿದಾಡುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟ ಜನ ಹಿಡಿದರು, ಕಾರ್ಯಾಲಯ ಅದನ್ನು ತೆಗೆದುಹಾಕಿತು.

ಚಿತ್ರದ ಅಂಚನ್ನು ಕತ್ತರಿಸುವುದರಲ್ಲಿ ಏನನ್ನೂ ಸೇರಿಸುವುದಿಲ್ಲ, ಹಾಗಾಗಿ ಡೆಸ್ಕಿನಲ್ಲಿ ಅದನ್ನು ತಪ್ಪೆಂದು ಸುಲಭಕ್ಕೆ ಯಾರೂ ಎಣಿಸುವುದಿಲ್ಲ. 2020ರ ಜನವರಿಯಲ್ಲಿ ದಾವೋಸ್‌ನಲ್ಲಿ ಐವರು ಹವಾಮಾನ ಹೋರಾಟಗಾರ್ತಿಯರು ಒಟ್ಟಿಗೆ ನಿಂತರು. ಅಸೋಸಿಯೇಟೆಡ್ ಪ್ರೆಸ್ ಕಳಿಸಿದ ಚಿತ್ರದಲ್ಲಿ ನಾಲ್ವರೇ. ತುದಿಯಲ್ಲಿದ್ದ ಉಗಾಂಡಾದ ವನೆಸ್ಸಾ ನಕಾಟೆ ಇಲ್ಲ. ಐವರಲ್ಲಿ ಆಫ್ರಿಕಾದವಳು ಅವಳೊಬ್ಬಳೇ. ಹಿಂದಿನ ಕಟ್ಟಡ ಕಣ್ಣಿಗೆ ಅಡ್ಡ ಬರುತ್ತಿತ್ತು, ಅದಕ್ಕೆ ಕತ್ತರಿಸಿದೆವು ಎಂದರು. ಇರಬಹುದು. ಆದರೆ ಕಟ್ಟಡವನ್ನು ನೋಡಿದ ಕಣ್ಣಿಗೆ ಅದರ ಮುಂದೆ ನಿಂತವಳು ಕಾಣಲಿಲ್ಲವಲ್ಲ. ಸಂಸ್ಥೆ ಕೊನೆಗೆ ಕ್ಷಮೆ ಕೇಳಿತು.

ತಿದ್ದಿದ್ದನ್ನು ಹಿಡಿಯಲು ಈಗ ಒಂದು ದಾರಿ ಇದೆ. ‘ವರ್ಲ್ಡ್ ಪ್ರೆಸ್ ಫೋಟೊ’ ಸ್ಪರ್ಧೆ ಕೊನೆಯ ಸುತ್ತುಗಳಿಗೆ ಬಂದವರಿಂದ ಕ್ಯಾಮೆರಾದ ಮೂಲ ಫೈಲನ್ನೇ ಕೇಳುತ್ತದೆ. 2015ರಲ್ಲಿ ಹಾಗೆ ಹೋಲಿಸಿದಾಗ ಆ ಹಂತದಲ್ಲಿದ್ದ ಸುಮಾರು ಐದರಲ್ಲೊಂದು ಪಾಲು ಹೊರಬಿತ್ತು.

ಅದೇ ವರ್ಷ ಬಹುಮಾನ ಗೆದ್ದ ಒಂದು ಚಿತ್ರಮಾಲೆ ಈ ಜರಡಿಯನ್ನು ದಾಟಿತ್ತು. ಇಟಲಿಯ ಜೊವಾನ್ನಿ ಟ್ರೊಯಿಲೊ ಬೆಲ್ಜಿಯಂನ ಶಾರ್ಲ್‌ರುವಾ ಎಂಬ ಸೊರಗಿದ ಕೈಗಾರಿಕಾ ಊರಿನ ಬಗ್ಗೆ ಮಾಡಿದ ಮಾಲೆ ಅದು. ನಮ್ಮೂರನ್ನು ಕೆಟ್ಟದಾಗಿ ತೋರಿಸಿದ್ದಾರೆ ಎಂದು ಅಲ್ಲಿನ ಮೇಯರ್ ದೂರಿದರು. ರಾತ್ರಿ ಕಾರಿನೊಳಗಿನ ಜೋಡಿಯ ಚಿತ್ರವೊಂದಿತ್ತು. ಅದರಲ್ಲಿದ್ದವನು ಛಾಯಾಗ್ರಾಹಕನ ಸಂಬಂಧಿಯೇ, ಬೆಳಕಿಗಾಗಿ ಕಾರಿನೊಳಗೆ ಫ್ಲ್ಯಾಶ್ ಕೂಡ ಇಟ್ಟಿದ್ದ. ಸಂಸ್ಥೆ ವಿಚಾರಿಸಿ, ಬಹುಮಾನ ಕಿತ್ತುಕೊಳ್ಳುವಂಥದ್ದು ಏನೂ ಇಲ್ಲ ಎಂದಿತು.

ಕೆಲವೇ ದಿನಗಳಲ್ಲಿ ಇನ್ನೊಂದು ವಿಷಯ ಹೊರಬಂತು. ಚಿತ್ರಕಾರನೊಬ್ಬ ತನ್ನ ಸ್ಟುಡಿಯೊದಲ್ಲಿ ಜೀವಂತ ರೂಪದರ್ಶಿಗಳನ್ನು ಕೂರಿಸಿ ಕೆಲಸ ಮಾಡುತ್ತಿರುವ ಚಿತ್ರವೂ ಆ ಮಾಲೆಯಲ್ಲಿತ್ತು. ಅದನ್ನು ತೆಗೆದದ್ದು ಶಾರ್ಲ್‌ರುವಾದಲ್ಲಲ್ಲ, ಬ್ರಸೆಲ್ಸಿನ ಮೊಲೆನ್‌ಬೀಕ್‌ನಲ್ಲಿ. ಮೂಲ ಫೈಲಿಗೂ ಬಹುಮಾನದ ಚಿತ್ರಕ್ಕೂ ಎಷ್ಟೇ ಹೋಲಿಸಿದರೂ ಇದು ಸಿಗುತ್ತಿರಲಿಲ್ಲ, ಯಾಕಂದರೆ ತಪ್ಪಿದ್ದದ್ದು ಅಡಿಬರಹದ ಊರ ಹೆಸರಿನಲ್ಲಿ. ಫ್ಲ್ಯಾಶ್ ಇಟ್ಟರೂ ಉಳಿದಿದ್ದ ಬಹುಮಾನವನ್ನು ಇದಕ್ಕಾಗಿ ವಾಪಸ್ ಪಡೆದರು.