ಹಾವು ಕಚ್ಚಿದ ಕೇಸ್ ಬಂದರೆ ಉತ್ತರ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಕಾರವಾರದಲ್ಲಿ ಜಿಎನ್‌ಎಂ ನರ್ಸಿಂಗ್ ಓದುತ್ತಿದ್ದೇನೆ. ಹಾವು ಕಡಿತದ ಬಗ್ಗೆ ನೇರ ಪ್ರಶ್ನೆ ಬಂದರೆ ಎರಡು ಪುಟ ಬರೆಯುತ್ತೇನೆ. ಅದೇ ವಿಷಯ ಕೇಸ್ ರೂಪದಲ್ಲಿ ಬಂದರೆ ಅರ್ಧ ಅಂಕವೂ ಬರುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವು ಹಾವು ಕಡಿತದ ಬಗ್ಗೆ ಬರೆಯುತ್ತಿದ್ದೀರಿ, ಆ ರೋಗಿಯ ಬಗ್ಗೆ ಬರೆಯುತ್ತಿಲ್ಲ. ಕೇಸ್‌ನಲ್ಲಿ ಕೊಟ್ಟ ಗಂಟೆ, ತೂಕ, ನಾಡಿ ಯಾವುದೂ ಸುಮ್ನೆ ಕೊಟ್ಟಿದ್ದಲ್ಲ. ಒಂದೊಂದೂ ನಿಮ್ಮಿಂದ ಒಂದು ಕೆಲಸ ಕೇಳುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಕೊಡುವ ಒಂದು ಕೇಸನ್ನೇ ಇಲ್ಲಿ ಬಿಡಿಸಿ ತೋರಿಸುತ್ತೇನೆ.

ಕೇಸ್ ಹೀಗಿದೆ. ಶಿರಸಿ ಹತ್ತಿರದ ಹಳ್ಳಿಯ 46 ವರ್ಷದ ಹೆಂಗಸು, ತೂಕ 52 ಕೆಜಿ. ಬೆಳಿಗ್ಗೆ 9 ಗಂಟೆಗೆ ಸೊಪ್ಪಿನ ಬೆಟ್ಟದಲ್ಲಿ ಒಣ ಎಲೆಯ ದರಕು ಗುಡಿಸುವಾಗ ಬಲಗಾಲಿನ ಪಾದಕ್ಕೆ ಹಾವು ಕಚ್ಚಿದೆ. ಹಾವನ್ನು ಯಾರೂ ಸರಿಯಾಗಿ ನೋಡಿಲ್ಲ. ಗಂಡ ಪಂಚೆ ಹರಿದು ಮೊಣಕಾಲಿನ ಕೆಳಗೆ ಬಿಗಿಯಾಗಿ ಕಟ್ಟಿದ್ದಾರೆ. ಆಸ್ಪತ್ರೆಗೆ ಬಂದಾಗ 10:30. ನಾಡಿ 112, ಬಿಪಿ 100/64, ಆಕ್ಸಿಜನ್ 97%. ಪಾದ ಊದಿದೆ. ಕಚ್ಚಿದ ಜಾಗದಿಂದಲೂ ಒಸಡಿನಿಂದಲೂ ರಕ್ತ ಜಿನುಗುತ್ತಿದೆ. ಕಣ್ಣಿನ ರೆಪ್ಪೆ ಜೋತು ಬಿದ್ದಿಲ್ಲ. ಬಲ ಪಾದದ ನಾಡಿ ಕೈಗೆ ಸಿಗುತ್ತಿಲ್ಲ.

ಪ್ರಶ್ನೆ 1: ಆ ಕಟ್ಟನ್ನು ಏನು ಮಾಡುತ್ತೀರಿ?

ಹೆಚ್ಚಿನವರು ‘ತಕ್ಷಣ ಬಿಚ್ಚುತ್ತೇನೆ’ ಎಂದು ಬರೆಯುತ್ತಾರೆ. ಪಾದದ ನಾಡಿ ಸಿಗುತ್ತಿಲ್ಲ ಎಂಬ ಮಾತನ್ನು ಕೇಸ್‌ನಲ್ಲಿ ಇಟ್ಟಿದ್ದೇ ಇದಕ್ಕೆ. ಕಟ್ಟು ರಕ್ತದ ಓಡಾಟವನ್ನೇ ನಿಲ್ಲಿಸಿದೆ. ಒಮ್ಮೆಲೇ ಬಿಚ್ಚಿದರೆ ಕೆಳಗೆ ನಿಂತ ವಿಷ ಒಟ್ಟಿಗೆ ಮೇಲೆ ನುಗ್ಗಿ ಬಿಪಿ ಕುಸಿಯಬಹುದು, ಉಸಿರಾಟಕ್ಕೂ ತೊಂದರೆಯಾಗಬಹುದು. ಸರಿಯಾದ ಉತ್ತರ ಇದು: ಡಾಕ್ಟರನ್ನು ಕರೆಯಿರಿ. ಕಚ್ಚದ ಕಡೆಯ ಕೈಗೆ ಕ್ಯಾನುಲಾ ಹಾಕಿ, ಆಕ್ಸಿಜನ್ ಮತ್ತು ಹಾವಿನ ವಿಷಕ್ಕೆ ಕೊಡುವ ಮದ್ದು ಎಎಸ್‌ವಿ ಕೈಗೆಟುಕುವಂತೆ ಇಟ್ಟುಕೊಳ್ಳಿ. ಕಟ್ಟಿನ ಮೇಲ್ಗಡೆ ಬಿಪಿ ಕಫ್ ಸುತ್ತಿ ಗಾಳಿ ತುಂಬಿ, ಆಮೇಲೆ ಬಟ್ಟೆ ಬಿಚ್ಚಿ, ಕಫ್‌ನ ಗಾಳಿಯನ್ನು ನಿಧಾನ ಇಳಿಸಿ. ನಾಡಿ ಸಿಗುತ್ತಿದ್ದಿದ್ದರೆ ಇಷ್ಟು ಬೇಕಿರಲಿಲ್ಲ.

ಪ್ರಶ್ನೆ 2: ಯಾವ ಹಾವು ಎಂದು ಗೊತ್ತಿಲ್ಲ. ಎಎಸ್‌ವಿ ಬೇಕೋ ಬೇಡವೋ ಹೇಗೆ ತಿಳಿಯುತ್ತದೆ?

ಲಕ್ಷಣ ನೋಡಿ, 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿ. ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬಿಗೆ 2 ಮಿಲೀ ತಾಜಾ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡಬೇಕು. ಆಮೇಲೆ ಒಂದೇ ಸಲ ಬಾಗಿಸಿ ನೋಡಬೇಕು. ರಕ್ತ ನೀರಿನಂತೆ ಹರಿದರೆ ಹೆಪ್ಪುಗಟ್ಟುತ್ತಿಲ್ಲ ಎಂದರ್ಥ. ಒಸಡಿನ ರಕ್ತದ ಜೊತೆ ಇದೂ ಸೇರಿದರೆ ಕೊಳಕುಮಂಡಲದಂಥ ಹಾವಿನ ಕಡಿತ ಎಂದು ಗುಮಾನಿ ಪಟ್ಟು ಎಎಸ್‌ವಿ ಶುರು ಮಾಡುತ್ತಾರೆ.

ಇಲ್ಲಿ ಟ್ಯೂಬ್ ಬಗ್ಗೆ ಬರೆದವರಿಗೆ ನಾನು ಒಂದು ಅಂಕ ಜಾಸ್ತಿ ಕೊಡುತ್ತೇನೆ. ಪ್ಲಾಸ್ಟಿಕ್ ಟ್ಯೂಬಿನಲ್ಲಿ, ಅಥವಾ ಸೋಪಿನ ಪುಡಿಯಲ್ಲಿ ತೊಳೆದ ಗಾಜಿನಲ್ಲಿ, ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಇರಬಹುದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಹೀಗೆ ತೊಳೆದ ಟ್ಯೂಬ್ ಬಳಸಿದ್ದೆ. ಹಿರಿಯ ಸಿಸ್ಟರ್ ಒಬ್ಬರು ತಮ್ಮದೇ ರಕ್ತ 2 ಮಿಲೀ ಅಂಥದ್ದೇ ಇನ್ನೊಂದು ಟ್ಯೂಬಿಗೆ ಹಾಕಿ ಪಕ್ಕದಲ್ಲಿ ಇಟ್ಟರು. 20 ನಿಮಿಷದ ಮೇಲೆ ಎರಡೂ ಹರಿದವು. ಅಂದಿನಿಂದ ಅನುಮಾನ ಬಂದಾಗಲೆಲ್ಲ ಹೀಗೆ ಜೋಡಿ ಟ್ಯೂಬ್ ಇಟ್ಟೇ ನೋಡುತ್ತೇನೆ.

ಪ್ರಶ್ನೆ 3: 10 ವಯಲ್ ಎಎಸ್‌ವಿ ಕೊಡಲು ಆದೇಶವಾಗಿದೆ. ಶುರು ಮಾಡಿ 12 ನಿಮಿಷಕ್ಕೆ ರೋಗಿ ‘ಮೈಯೆಲ್ಲ ತುರಿಸ್ತಾ ಇದೆ, ಎದೆ ಬಿಗಿತಾ ಇದೆ’ ಎನ್ನುತ್ತಾರೆ. ಬಿಪಿ 84/50. ಮೊದಲು ಏನು?

ಇದು ಎಎಸ್‌ವಿಗೆ ಆದ ಅಲರ್ಜಿ ರಿಯಾಕ್ಷನ್. ಮೊದಲು ಡ್ರಿಪ್ ನಿಲ್ಲಿಸಿ. ಕ್ಯಾನುಲಾ ತೆಗೆಯಬೇಡಿ. ಎರಡನೆಯದು ಅಡ್ರಿನಲಿನ್: 1:1000 ದ್ರಾವಣದ 0.5 ಮಿಲೀ, ತೊಡೆಯ ಹೊರಭಾಗದ ಸ್ನಾಯುವಿಗೆ. ಎವಿಲ್, ಹೈಡ್ರೊಕಾರ್ಟಿಸೋನ್ ಅದರ ಹಿಂದೆ ಬರುತ್ತವೆ. ಅವನ್ನು ಮೊದಲು ಬರೆದರೆ ಅಂಕ ಹೋಗುತ್ತದೆ. ವಾರ್ಡಿನಲ್ಲಿ ಆ ಕ್ರಮ ತಪ್ಪಿದರೆ ಹೋಗುವುದು ಅಂಕವಲ್ಲ, ಉಸಿರು. ರೋಗಿಯನ್ನು ಮಲಗಿಸಿ, ಆಕ್ಸಿಜನ್ ಹಾಕಿ, ಸಲೈನ್ ಓಡಿಸಿ. 5ರಿಂದ 10 ನಿಮಿಷದಲ್ಲಿ ಸುಧಾರಿಸದಿದ್ದರೆ ಅಡ್ರಿನಲಿನ್ ಮತ್ತೊಮ್ಮೆ. ಇದಕ್ಕೇ ಎಎಸ್‌ವಿ ಶುರುವಾಗುವ ಮುಂಚೆ ಅಡ್ರಿನಲಿನ್ ಸಿರಿಂಜಿಗೆ ತುಂಬಿ, ಹೆಸರು ಬರೆದು, ಮಂಚದ ಪಕ್ಕ ಇಟ್ಟಿರಬೇಕು. ಚರ್ಮದಡಿ ಟೆಸ್ಟ್ ಡೋಸ್ ಕೊಟ್ಟು ನೋಡುತ್ತೇನೆ ಎಂದು ಬರೆಯಬೇಡಿ. ಅದು ಈ ರಿಯಾಕ್ಷನ್ನನ್ನು ಮುಂಚಿತವಾಗಿ ಹೇಳುವುದಿಲ್ಲ, ಹೊತ್ತು ಹಾಳು.

ಇನ್ನೊಂದು ತಪ್ಪು: ‘ರಿಯಾಕ್ಷನ್ ಆಯ್ತು, ಎಎಸ್‌ವಿ ಬೇಡ’ ಎಂದು ಮುಗಿಸುವುದು. ವಿಷ ಇನ್ನೂ ಒಳಗೇ ಇದೆ, ಅಲ್ವಾ? ಉಸಿರು, ಬಿಪಿ ಸರಿಯಾದ ಮೇಲೆ ಡಾಕ್ಟರ್ ಹೇಳಿದಂತೆ 10-15 ನಿಮಿಷ ನಿಧಾನವಾಗಿ ಬಿಟ್ಟು, ಆಮೇಲೆ ಮೊದಲಿನ ವೇಗಕ್ಕೆ ತರಬೇಕು.

ಆ ವೇಗದ ಲೆಕ್ಕವನ್ನೂ ಕೇಳುತ್ತಾರೆ. ಪುಡಿಯಿರುವ ಪ್ರತಿ ವಯಲ್‌ಗೆ 10 ಮಿಲೀ ಸ್ಟೆರೈಲ್ ವಾಟರ್, ಒಟ್ಟು 100 ಮಿಲೀ. ವಯಲನ್ನು ಕುಲುಕಬೇಡಿ, ನೊರೆ ಬರುತ್ತದೆ, ಮೆಲ್ಲಗೆ ತಿರುಗಿಸಿ. ಅದನ್ನು 400 ಮಿಲೀ ನಾರ್ಮಲ್ ಸಲೈನಿಗೆ ಸೇರಿಸಿದರೆ 500 ಮಿಲೀ. ಒಂದು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ ಮಿಲೀಗೆ 20 ಹನಿಯದ್ದು:

```
500 × 20 ÷ 60 = 167 ಹನಿ/ನಿಮಿಷ
```

ಪ್ರಶ್ನೆ 4: ಕೇಸ್ ಶೀಟಿನಲ್ಲಿ ಟಿಟಿ ಮತ್ತು ನೋವಿಗೆ ಡೈಕ್ಲೊಫೆನಾಕ್, ಎರಡೂ ಸ್ನಾಯುವಿಗೆ ಎಂದು ಬರೆದಿದೆ. ಕೊಡುತ್ತೀರಾ?

ಸದ್ಯಕ್ಕೆ ಇಲ್ಲ. ಡಾಕ್ಟರ್ ಹತ್ತಿರ ಹೋಗಿ, ರಕ್ತ ಹೆಪ್ಪುಗಟ್ಟುತ್ತಿಲ್ಲ ಎಂದು ನೆನಪಿಸಿ ಆದೇಶ ಬದಲಾಯಿಸಿಕೊಳ್ಳಬೇಕು. ಸೂಜಿ ಚುಚ್ಚಿದಲ್ಲಿ ಒಳಗೇ ರಕ್ತ ಕಟ್ಟಿಕೊಳ್ಳುತ್ತದೆ. ಡೈಕ್ಲೊಫೆನಾಕ್ ರಕ್ತಸ್ರಾವ ಹೆಚ್ಚಿಸುತ್ತದೆ, ಕಿಡ್ನಿಗೂ ಕೆಟ್ಟದ್ದು. ನೋವಿಗೆ ಪ್ಯಾರಾಸಿಟಮಾಲ್ ಆಗುತ್ತದೆ. ಟಿಟಿ ಹೆಪ್ಪುಗಟ್ಟುವಿಕೆ ಸರಿಯಾದ ಮೇಲೆ. ‘ಹಾಗಾದರೆ ಅಡ್ರಿನಲಿನ್ ಮಾತ್ರ ಸ್ನಾಯುವಿಗೆ ಯಾಕೆ ಕೊಟ್ಟಿರಿ?’ ಎಂದು ವೈವಾದಲ್ಲಿ ಖಂಡಿತ ಕೇಳುತ್ತಾರೆ. ಅಲ್ಲಿ ತಡಮಾಡಿದರೆ ಜೀವ ಹೋಗುತ್ತದೆ. ಅದರ ಮುಂದೆ ತೊಡೆಯಲ್ಲಿ ಸ್ವಲ್ಪ ರಕ್ತ ಕಟ್ಟುವುದು ಸಣ್ಣದು. ಚುಚ್ಚಿದ ಜಾಗವನ್ನು ಒತ್ತಿ ಹಿಡಿದರೆ ಆಯಿತು.

ಪ್ರಶ್ನೆ 5: ಮಧ್ಯಾಹ್ನ 3ಕ್ಕೆ, ಕಳೆದ 4 ಗಂಟೆಯ ಮೂತ್ರ 70 ಮಿಲೀ. ಹೆಪ್ಪುಗಟ್ಟುವ ಪರೀಕ್ಷೆ ಈಗಲೇ ಮತ್ತೆ ಮಾಡೋಣವಾ ಎಂದು ಜೊತೆಯವಳು ಕೇಳುತ್ತಾಳೆ.

ಇಲ್ಲಿ ತೂಕ ಬಳಕೆಗೆ ಬರುತ್ತದೆ. ಗಂಟೆಗೆ ಕೆಜಿಗೆ ಕನಿಷ್ಠ 0.5 ಮಿಲೀ ಎಂದರೆ ಇವರಿಗೆ 26 ಮಿಲೀ, 4 ಗಂಟೆಗೆ 104. ಬಂದದ್ದು 70. ಕೊಳಕುಮಂಡಲದ ವಿಷ ಕಿಡ್ನಿಯನ್ನು ಹಾಳುಮಾಡುತ್ತದೆ. ಹಾಗಾಗಿ ಮೂತ್ರದ ಬಣ್ಣವನ್ನೂ ನೋಡಿ ತಕ್ಷಣ ತಿಳಿಸಬೇಕು. ಹೆಪ್ಪುಗಟ್ಟುವ ಪರೀಕ್ಷೆ ಈಗ ಬೇಡ. ಎಎಸ್‌ವಿ ವಿಷವನ್ನು ಹಿಡಿದರೂ, ಖರ್ಚಾದ ಹೆಪ್ಪುಗಟ್ಟಿಸುವ ಅಂಶಗಳನ್ನು ಲಿವರ್ ಮತ್ತೆ ತಯಾರಿಸಲು ಸುಮಾರು 6 ಗಂಟೆ ಬೇಕು. ಆದ್ದರಿಂದ ಎಎಸ್‌ವಿ ಕೊಟ್ಟ 6 ಗಂಟೆಗೆ ಪರೀಕ್ಷೆ, ಆಗಲೂ ಹರಿದರೆ ಇನ್ನೊಂದು ಡೋಸ್. ಡೋಸ್ ಕೊಟ್ಟಷ್ಟೂ ಹೆಪ್ಪುಗಟ್ಟದಿದ್ದರೆ ನಮ್ಮ ಘಟ್ಟದ ಕಡೆ ಇನ್ನೊಂದು ಸಾಧ್ಯತೆಯೂ ಇದೆ. ನಮ್ಮ ಎಎಸ್‌ವಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾತ್ರ. ದರಕಿನಡಿ ಇರುವ ಮೂಗುಬ್ಬಿದ ಗುಳಿಮಂಡಲಕ್ಕೆ ಅದು ಕೆಲಸ ಮಾಡುವುದಿಲ್ಲ. ಹೀಗಾಗಿ ರಾತ್ರಿ ಪಾಳಿಯವರಿಗೆ ವರದಿ ಕೊಡುವಾಗ ‘10 ವಯಲ್ ಹೋಗಿದೆ’ ಎಂದಷ್ಟೇ ಹೇಳದೆ, ಮುಂದಿನ ಟ್ಯೂಬ್ ಎಷ್ಟು ಗಂಟೆಗೆ, ಹಾವನ್ನು ಯಾರೂ ನೋಡಿಲ್ಲ ಎಂಬ ಎರಡನ್ನೂ ಬರೆದುಕೊಡಿ.