ಹನ್ನೊಂದು ಮನೆಗಳಿಗೆ ಹೋಗುವ ಫೋನ್

ಮಂಡ್ಯದಿಂದ ನನ್ನ ಹೆಂಡತಿಯ ತಮ್ಮ ಫೋನ್ ಮಾಡಿದಾಗ ಬೆಳಿಗ್ಗೆ ಏಳು ಗಂಟೆಯೂ ಆಗಿರಲಿಲ್ಲ. "ಭಾವ, ಮೊಮ್ಮಗಳಿಗೆ ಥೈರಾಯ್ಡ್ ಕಾಯಿಲೆ ಇದೆಯಂತೆ. ಹಿಮ್ಮಡಿಯಿಂದ ರಕ್ತ ತೆಗೆದಿದ್ದರಲ್ಲ, ಅದು ಪಾಸಿಟಿವ್ ಬಂದಿದೆ. ಈ ಪರೀಕ್ಷೆ ಶೇಕಡ 99ರಷ್ಟು ಸರಿಯಾಗಿರುತ್ತದೆ ಎಂದರು" ಎಂದ. ಮಗುವಿಗೆ ಆಗ ಆರು ದಿನ. ಬಾಣಂತಿ ರಾತ್ರಿಯಿಡೀ ಅತ್ತಿದ್ದಳು. ಮನೆಯ ಲೆಕ್ಕ ಸರಳವಾಗಿತ್ತು: ಪರೀಕ್ಷೆ 99 ಪಾಲು ಸರಿ, ಆದ್ದರಿಂದ ಮಗುವಿಗೆ ಕಾಯಿಲೆ ಇರುವ ಸಾಧ್ಯತೆಯೂ 99 ಪಾಲು.

ಮೂವತ್ತು ವರ್ಷ ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನು ನಾನು. ಈ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆದರೆ ಅಳುವ ಮನೆಗೆ ಸೂತ್ರ ಹೇಳಲಾಗದು. ಮುಂದಿನ ರೈಲು ಹಿಡಿದು ಮಂಡ್ಯಕ್ಕೆ ಹೋದೆ.

ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದ ಮಗುವನ್ನು ಹೊರಗಿನಿಂದ ನೋಡಿ ಗುರುತಿಸುವುದು ಕಷ್ಟ. ಮೊದಲ ವಾರಗಳಲ್ಲಿ ಅಂಥ ಬಹುತೇಕ ಮಕ್ಕಳು ಚೆನ್ನಾಗಿಯೇ ಕಾಣುತ್ತವೆ. ಲಕ್ಷಣಗಳು ಎದ್ದು ಕಾಣುವ ಹೊತ್ತಿಗೆ ಮಿದುಳಿನ ಬೆಳವಣಿಗೆಗೆ ಪೆಟ್ಟು ಬಿದ್ದಿರುತ್ತದೆ. ಅದೇ ಮೊದಲ ಎರಡು ವಾರದೊಳಗೆ ಲೆವೊಥೈರಾಕ್ಸಿನ್ ಮಾತ್ರೆ ಶುರುಮಾಡಿದರೆ ಮಗು ಸಾಮಾನ್ಯವಾಗಿ ಉಳಿದವರಂತೆಯೇ ಬೆಳೆಯುತ್ತದೆ. ಅದಕ್ಕಾಗಿಯೇ ಕಾಯಿಲೆಯ ಸುಳಿವೇ ಇಲ್ಲದ ಮಕ್ಕಳನ್ನೂ ಸೇರಿಸಿ ಎಲ್ಲರ ರಕ್ತವನ್ನೂ ಪರೀಕ್ಷಿಸುತ್ತಾರೆ. ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತವನ್ನು ಸೋಸುಕಾಗದದ ಕಾರ್ಡಿನ ಮೇಲೆ ಒಣಗಿಸಿ ಕಳುಹಿಸುತ್ತಾರೆ. ಅದರಲ್ಲಿ, ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಟಿಎಸ್ಎಚ್ ಎಂಬ ಹಾರ್ಮೋನು ನಿಗದಿತ ಮಿತಿ ದಾಟಿದ್ದರೆ ಮನೆಗೆ ಫೋನ್ ಹೋಗುತ್ತದೆ.

ನಮ್ಮ ಗೊಂದಲಕ್ಕೆ ಮೂಲ ಆ 'ಎಲ್ಲರ' ಎಂಬ ಪದ. ಹಿಂದೆ ವೈದ್ಯರು ಪರೀಕ್ಷೆ ಬರೆಯುತ್ತಿದ್ದದ್ದು ಕಾಯಿಲೆಯ ಅನುಮಾನ ಇದ್ದವರಿಗೆ. ಅವರಲ್ಲಿ ಕಾಯಿಲೆ ಇದ್ದವರ ಪ್ರಮಾಣ ಮೊದಲೇ ಹೆಚ್ಚಾಗಿರುತ್ತಿತ್ತು, ಪಾಸಿಟಿವ್ ಬಂದರೆ ನಂಬಿದರೂ ಅಷ್ಟೇನೂ ಮೋಸವಾಗುತ್ತಿರಲಿಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗತ್ರೀ ಫಿನೈಲ್‌ಕೀಟೋನೂರಿಯಾ ಎಂಬ ಇನ್ನೊಂದು ಅಪರೂಪದ ಕಾಯಿಲೆಗಾಗಿ ಈ ಒಣರಕ್ತದ ಕಾರ್ಡಿನ ವಿಧಾನ ರೂಪಿಸಿದರು. 1970ರ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಜಾನ್ ಡುಸೋ ಅದನ್ನು ಥೈರಾಯ್ಡ್‌ಗೆ ಒಗ್ಗಿಸಿದರು. ಹೀಗೆ ಪರೀಕ್ಷೆ ರೋಗಿಗಳನ್ನು ಬಿಟ್ಟು ಆರೋಗ್ಯವಂತರ ನಡುವೆ ನಡೆಯತೊಡಗಿತು. ಪಾಸಿಟಿವ್ ಎಂಬ ಮಾತನ್ನು ಓದುವ ಅಭ್ಯಾಸ ಮಾತ್ರ ಹಳೆಯದೇ ಉಳಿಯಿತು.

ಆ ಅಭ್ಯಾಸ ಎಷ್ಟು ಗಟ್ಟಿ ಎಂಬುದು 1978ರಲ್ಲಿ ಹೊರಬಿತ್ತು. ಹಾರ್ವರ್ಡ್ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಗಳಲ್ಲಿ ಅರವತ್ತು ಜನರನ್ನು, ಅಂದರೆ ವಿದ್ಯಾರ್ಥಿಗಳನ್ನೂ ಕಿರಿಯ, ಹಿರಿಯ ವೈದ್ಯರನ್ನೂ, ಕ್ಯಾಸಲ್ಸ್ ಮತ್ತು ಸಂಗಡಿಗರು ಒಂದು ಪ್ರಶ್ನೆ ಕೇಳಿದರು. ಸಾವಿರಕ್ಕೆ ಒಬ್ಬರಿಗೆ ಬರುವ ಕಾಯಿಲೆ. ಪರೀಕ್ಷೆಯ ತಪ್ಪು ಪಾಸಿಟಿವ್ ಶೇಕಡ 5. ಬೇರೇನೂ ತಿಳಿಯದ ಒಬ್ಬ ವ್ಯಕ್ತಿಗೆ ಪಾಸಿಟಿವ್ ಬಂದರೆ ಅವನಿಗೆ ನಿಜವಾಗಿ ಕಾಯಿಲೆ ಇರುವ ಸಾಧ್ಯತೆ ಎಷ್ಟು? 27 ಜನ ಶೇಕಡ 95 ಎಂದರು. ಸರಿಯುತ್ತರ ಸುಮಾರು ಶೇಕಡ 2. ಅದನ್ನು ಹೇಳಿದವರು 11 ಜನ. (ಕಾಯಿಲೆ ಇದ್ದವರನ್ನು ಪರೀಕ್ಷೆ ಎಷ್ಟರ ಮಟ್ಟಿಗೆ ಹಿಡಿಯುತ್ತದೆ ಎಂದು ಪ್ರಶ್ನೆಯಲ್ಲಿ ಹೇಳಿಯೇ ಇರಲಿಲ್ಲ, ಎಲ್ಲರನ್ನೂ ಹಿಡಿಯುತ್ತದೆ ಎಂದುಕೊಂಡರೆ ಮಾತ್ರ ಈ ಉತ್ತರ. ನನ್ನ ವಿದ್ಯಾರ್ಥಿಯೊಬ್ಬಳು ಅದನ್ನು ಎತ್ತಿ ತೋರಿಸಿದ್ದಳು.) ಆದ್ದರಿಂದ ನನ್ನ ಭಾವಮೈದ ಒಳ್ಳೆಯ ಸಹವಾಸದಲ್ಲಿಯೇ ಎಡವಿದ್ದ.

ಎಡವಿದ್ದು ಎಲ್ಲಿ? ಮಂಡ್ಯದ ಕಬ್ಬು ಬೆಳೆಗಾರರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕನ್ನಡ ಮಾತನಾಡುತ್ತಾರೆ. ಹಾಗೆಂದು ಕನ್ನಡ ಮಾತನಾಡುವವರೆಲ್ಲ ಮಂಡ್ಯದ ಕಬ್ಬು ಬೆಳೆಗಾರರೇ? ಎರಡು ಮಾತಿನಲ್ಲೂ ಇರುವುದು ಅದೇ ಜನ, ಅದೇ ಭಾಷೆ. ಆದರೆ ಯಾರೊಳಗೆ ಯಾರನ್ನು ಎಣಿಸುತ್ತಿದ್ದೇವೆ ಎಂಬುದು ತಿರುವುಮುರುವಾಗಿದೆ. ಪರೀಕ್ಷೆಯದೂ ಹಾಗೆಯೇ. ಪ್ರಯೋಗಾಲಯ ಹೇಳುವುದು ಕಾಯಿಲೆ ಇಲ್ಲದ ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ಪಾಸಿಟಿವ್ ಬರುತ್ತದೆ ಎಂಬುದನ್ನು. ಬಾಣಂತಿಗೆ ಬೇಕಾದದ್ದು ಪಾಸಿಟಿವ್ ಬಂದ ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ಕಾಯಿಲೆ ಇಲ್ಲ ಎಂಬುದು. ಸಂಖ್ಯಾಶಾಸ್ತ್ರ ಇದನ್ನು ಷರತ್ತುಬದ್ಧ ಸಂಭವನೀಯತೆ ಎನ್ನುತ್ತದೆ. ಷರತ್ತು ಅದಲುಬದಲಾದರೆ ಉತ್ತರವೂ ಬೇರೆ. ಒಂದರಿಂದ ಇನ್ನೊಂದಕ್ಕೆ ದಾಟಬೇಕಾದರೆ ಕಾಯಿಲೆ ಒಟ್ಟಾರೆ ಎಷ್ಟು ಅಪರೂಪ ಎಂಬ ಮೂಲ ಪ್ರಮಾಣ ಕೈಯಲ್ಲಿರಬೇಕು. ಅದನ್ನು ಮರೆಯುವುದೇ ಇಲ್ಲಿನ ದೋಷ.

ಹಾಗೆ ದಾಟುವ ದಾರಿಯನ್ನು ಕಂಡವರು ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್. 1761ರಲ್ಲಿ ಅವರು ತೀರಿಕೊಂಡ ಮೇಲೆ ಗೆಳೆಯ ರಿಚರ್ಡ್ ಪ್ರೈಸ್ ಆ ಬರಹವನ್ನು 1763ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟರು. P ಎಂದರೆ ಸಂಭವನೀಯತೆ, D ಎಂದರೆ ಕಾಯಿಲೆ ಇರುವುದು, H ಎಂದರೆ ಇಲ್ಲದಿರುವುದು, + ಎಂದರೆ ಪಾಸಿಟಿವ್, ಅಡ್ಡಗೆರೆ | ಎಂದರೆ ಅದರ ಬಲಕ್ಕಿರುವುದು ನಿಜವಾಗಿದ್ದರೆ ಎಂಬ ಷರತ್ತು ಎಂದುಕೊಂಡರೆ ಇಂದಿನ ರೂಪ ಹೀಗಿದೆ:

```
P(D|+) = P(+|D)·P(D) / [ P(+|D)·P(D) + P(+|H)·P(H) ]
       = 1×0.001 / (1×0.001 + 0.01×0.999)
       ≈ 0.091
```

ಇಲ್ಲಿ ಕಾಯಿಲೆ ಸಾವಿರಕ್ಕೆ ಒಂದು ಮಗುವಿಗೆ ಎಂದೂ, ಪರೀಕ್ಷೆ ಅದನ್ನು ತಪ್ಪದೆ ಹಿಡಿಯುತ್ತದೆ ಎಂದೂ, ಆರೋಗ್ಯವಂತ ಮಕ್ಕಳಲ್ಲಿ ನೂರಕ್ಕೆ ಒಂದನ್ನು ತಪ್ಪಾಗಿ ಹಿಡಿಯುತ್ತದೆ ಎಂದೂ ಇಟ್ಟುಕೊಂಡಿದ್ದೇನೆ. ಉತ್ತರ ಸುಮಾರು ಶೇಕಡ 9. ಸೂತ್ರ ಸರಿಯಾಗಿಯೇ ಇದೆ, ಆದರೆ ಓದಿದವರ ತಲೆಗೂ ಅದು ಇಳಿಯುವುದಿಲ್ಲ. ನಾನು ಪಾಠ ಮಾಡಿದ ಎಷ್ಟೋ ವರ್ಷ ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಿದ್ದರು.

1995ರಲ್ಲಿ ಜರ್ಮನಿಯ ಗೆರ್ಡ್ ಗೀಗರೆನ್ಸರ್ ಮತ್ತು ಉಲ್ರಿಚ್ ಹೋಫ್ರಾಗೆ ಬೇರೆ ದಾರಿ ಹಿಡಿದರು. ಇಂಥ ಪ್ರಶ್ನೆಗಳನ್ನೇ ಶೇಕಡಾವಾರು ಬಿಟ್ಟು ತಲೆಯೆಣಿಕೆಯಲ್ಲಿ ಕೇಳಿದರು. ಸರಿಯಾಗಿ ಯೋಚಿಸಿ ಉತ್ತರಿಸಿದವರ ಪಾಲು ಶೇಕಡ 16ರಿಂದ 46ಕ್ಕೆ ಏರಿತು. ಇದರಲ್ಲಿ ಮಾಯೆಯೇನೂ ಇಲ್ಲ. ಒಂದೇ ಗುಂಪನ್ನು ಕೊನೆಯವರೆಗೂ ಕೈಬಿಡದೆ ಎಣಿಸಬೇಕು, ಅಷ್ಟೇ. ಕಾಯಿಲೆಯನ್ನು ಸಾವಿರದ ಲೆಕ್ಕದಲ್ಲಿ, ತಪ್ಪನ್ನು ಬೇರೊಂದು ನೂರರ ಲೆಕ್ಕದಲ್ಲಿ ಹೇಳಿದರೆ ಗೊಂದಲ ಮತ್ತೆ ಹೊಕ್ಕುತ್ತದೆ. ಆದರೂ ಅರ್ಧಕ್ಕಿಂತ ಹೆಚ್ಚು ಉತ್ತರಗಳು ತಪ್ಪೇ ಆಗಿದ್ದವು ಎಂಬುದನ್ನು ಇದರ ಅಭಿಮಾನಿಗಳು ಅಷ್ಟಾಗಿ ಹೇಳುವುದಿಲ್ಲ.

ಮಂಡ್ಯದ ಮನೆಯಲ್ಲಿ ನಾನು ಮಾಡಿದ್ದೂ ಇದನ್ನೇ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ 1000 ಎಂದು ಬರೆದೆ. "ಇಷ್ಟು ಮಕ್ಕಳು ಹುಟ್ಟಿದವು ಎನ್ನು. ಎಷ್ಟು ಮಕ್ಕಳಿಗೆ ಕಾಯಿಲೆ?" "ನೀವೇ ಹೇಳಿದಿರಲ್ಲ ಭಾವ, ಒಂದಕ್ಕೆ." "ಆ ಮನೆಗೆ ಫೋನ್ ಹೋಗುತ್ತದೆ. ಉಳಿದ 999 ಮಕ್ಕಳಲ್ಲಿ ನೂರಕ್ಕೆ ಒಂದರಂತೆ ತಪ್ಪಿ ಎಷ್ಟು ಮನೆಗೆ ಹೋಗುತ್ತದೆ?" "ಹತ್ತು." "ಒಟ್ಟು ಎಷ್ಟು ಮನೆಗೆ ಹೋಯಿತು?" ಅವನು ಹನ್ನೊಂದು ಎಂದವನೇ ಸುಮ್ಮನಾದ. ಬಾಣಂತಿ ಒಳಕೋಣೆಯಿಂದಲೇ ಕೇಳಿದಳು: "ಹಾಗಾದರೆ ಹನ್ನೊಂದರಲ್ಲಿ ಒಂದು ಮನೆಯಲ್ಲಿ ಮಾತ್ರ ನಿಜವೇ ಮಾವ?"

ಹೌದು ಎಂದೆ. ತಕ್ಷಣ ಇನ್ನೊಂದು ಆತಂಕ ಹುಟ್ಟಿತು. ಭಾವಮೈದನ ಮುಖ ಅರಳಿ, "ಹಾಗಾದರೆ ಹಬ್ಬ ಮುಗಿಸಿಕೊಂಡು ಹೋದರಾಯಿತು" ಎಂದುಬಿಟ್ಟ. ಇದು ಮೊದಲಿನದಕ್ಕಿಂತ ಕೆಟ್ಟ ತಪ್ಪು. ನಿನ್ನೆಯವರೆಗೆ ಸಾವಿರದಲ್ಲಿ ಒಂದಾಗಿದ್ದ ಅನುಮಾನ ಇಂದು ಹನ್ನೊಂದರಲ್ಲಿ ಒಂದಾಗಿದೆ. ತೊಂಬತ್ತು ಪಟ್ಟು ಏರಿದೆ. ಈ ಪರೀಕ್ಷೆ ಮಾಡುವ ಕೆಲಸವೇ ಅದು: ಸಾವಿರ ಮನೆಗಳಲ್ಲಿ ಹನ್ನೊಂದನ್ನು ಆರಿಸಿಕೊಡುವುದು. ಆ ಹನ್ನೊಂದರಲ್ಲಿ ಯಾರು ಎಂದು ಹೇಳುವುದು ಎರಡನೆಯ ಪರೀಕ್ಷೆ. ಅದಕ್ಕೆ ರಕ್ತನಾಳದಿಂದ ರಕ್ತ ತೆಗೆದು ಟಿಎಸ್ಎಚ್ ಜೊತೆಗೆ ಥೈರಾಯ್ಡ್ ಗ್ರಂಥಿಯದೇ ಹಾರ್ಮೋನಾದ ಫ್ರೀ ಟಿ4 ಅನ್ನೂ ನೋಡುತ್ತಾರೆ. ಅಂದೇ ಹೊರಡಿಸಿದೆ.

ಹನ್ನೊಂದರಲ್ಲಿ ಒಂದು ಎಂಬುದು ಎಲ್ಲ ಮಕ್ಕಳಿಗೂ ಹೊಂದುವ ಉತ್ತರವೂ ಅಲ್ಲ. ಮಿತಿಯನ್ನು ಕೂದಲೆಳೆಯಷ್ಟು ದಾಟಿದ ಟಿಎಸ್ಎಚ್‌ಗೂ ಅದರ ನಾಲ್ಕೈದು ಪಟ್ಟಿರುವ ಟಿಎಸ್ಎಚ್‌ಗೂ 'ಪಾಸಿಟಿವ್' ಎಂಬ ಒಂದೇ ಹೆಸರು. ಎರಡನೆಯದಾಗಿದ್ದರೆ ವೈದ್ಯರು ರಕ್ತ ತೆಗೆದುಕೊಂಡು, ವರದಿಗೂ ಕಾಯದೆ ಔಷಧ ಶುರುಮಾಡುವುದುಂಟು. ಕಾಮಾಲೆ ಇಳಿಯದ, ಹಾಲು ಸರಿಯಾಗಿ ಕುಡಿಯದ, ಅಳುವಿನ ದನಿ ಒಡೆದಿರುವ ಮಗುವಾದರೆ ಮೂಲ ಪ್ರಮಾಣವೇ ಬೇರೆ. ಅಂಥ ಮಕ್ಕಳಲ್ಲಿ ಹತ್ತಕ್ಕೆ ಒಂದರಲ್ಲಿ ಕಾಯಿಲೆ ಇದೆ ಎಂದಿಟ್ಟುಕೊಳ್ಳೋಣ. ಆಗ ಸಾವಿರದಲ್ಲಿ ನಿಜವಾದವು ನೂರು. ಉಳಿದ 900ರಲ್ಲಿ ತಪ್ಪಿ ಬಂದವು ಒಂಬತ್ತು. ಫೋನ್ ಹೋದ 109 ಮನೆಗಳಲ್ಲಿ ನೂರರಲ್ಲಿ ನಿಜ. ಅದೇ ಪರೀಕ್ಷೆ, ಅದೇ ಮಿತಿ, ಅದೇ ಪಾಸಿಟಿವ್. ಅರ್ಥ ಮಾತ್ರ ಶೇಕಡ 9ರಿಂದ 92ಕ್ಕೆ ಜಿಗಿಯಿತು. ನಮ್ಮ ಮಗು ಚೆನ್ನಾಗಿ ಹಾಲು ಕುಡಿಯುತ್ತಿತ್ತು, ಮನೆ ಹಾರಿಹೋಗುವಂತೆ ಅಳುತ್ತಿತ್ತು.

ಅಂದಹಾಗೆ, 'ಶೇಕಡ 99 ಸರಿ' ಎಂಬ ಮಾತಿಗೆ ಏನರ್ಥ ಎಂದು ಹೇಳಿದವರಿಗೂ ಗೊತ್ತಿದ್ದಂತಿಲ್ಲ. ರಕ್ತವನ್ನೇ ತೆಗೆಯದೆ ಪ್ರತಿ ಮಗುವಿಗೂ 'ಕಾಯಿಲೆ ಇಲ್ಲ' ಎಂದು ಚೀಟಿ ಬರೆದು ಕೊಟ್ಟರೆ, ಆ ಚೀಟಿ ಸಾವಿರದಲ್ಲಿ 999 ಸಲ ಸರಿ. ಪರೀಕ್ಷೆಗಿಂತ ಮೇಲಲ್ಲವೇ!

ದಾರಿಯಲ್ಲಿ ಭಾವಮೈದ ಒಂದು ಜಾಣ ಪ್ರಶ್ನೆ ಕೇಳಿದ. ಅದೇ ಕಾರ್ಡಿನಲ್ಲಿ ಉಳಿದ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಬಾರದೇಕೆ? ಎರಡು ಸಲವೂ ತಪ್ಪುವ ಸಾಧ್ಯತೆ ನೂರರಲ್ಲಿ ಒಂದರ ನೂರರಲ್ಲಿ ಒಂದು, ಅಂದರೆ ಹತ್ತು ಸಾವಿರಕ್ಕೆ ಒಂದು ಆಗುವುದಿಲ್ಲವೇ? ಯಂತ್ರ ಎಡವಿದ್ದರೆ ಆ ಗುಣಾಕಾರ ನಡೆಯುತ್ತಿತ್ತು. ಆದರೆ ಈ ಪರೀಕ್ಷೆಯಲ್ಲಿ ತಪ್ಪು ಪಾಸಿಟಿವ್ ಬರುವುದು ಹೆಚ್ಚಾಗಿ ರಕ್ತದಲ್ಲೇ ಟಿಎಸ್ಎಚ್ ಆ ಹೊತ್ತಿಗೆ ನಿಜವಾಗಿಯೂ ಹೆಚ್ಚಿರುವುದರಿಂದ. ಗರ್ಭದ ಬಿಸಿಯಿಂದ ಹೊರಗಿನ ತಂಪಿಗೆ ಬಂದ ಕೂಡಲೇ ಮಗುವಿನ ದೇಹ ಟಿಎಸ್ಎಚ್ ಅನ್ನು ಒಮ್ಮೆಲೇ ಏರಿಸುತ್ತದೆ. ಅದು ಎರಡು ಮೂರು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಅದಕ್ಕೇ ಸಾಧ್ಯವಾದರೆ 48 ಗಂಟೆ ಕಳೆದ ಮೇಲೆ ಹಿಮ್ಮಡಿ ಚುಚ್ಚಬೇಕು ಎನ್ನುವುದು. ಏರಿದ ಹೊತ್ತಿನಲ್ಲಿ ತೆಗೆದ ರಕ್ತವನ್ನು ಹತ್ತು ಸಲ ಪರೀಕ್ಷಿಸಿದರೂ ಹತ್ತು ಸಲವೂ ಅದೇ ಉತ್ತರ. ಬೇಕಾದದ್ದು ಬೇರೆ ದಿನದ ರಕ್ತ.

ಮರುದಿನ ಸಂಜೆ ವರದಿ ಬಂತು. ಎರಡೂ ಅಂಕಿಗಳು ಆ ವಯಸ್ಸಿಗೆ ಇರಬೇಕಾದ ಮಟ್ಟದಲ್ಲಿದ್ದವು. ಬಿಡುಗಡೆಯ ಕಾಗದಗಳಲ್ಲಿ ಹಳೆಯ ಕಾರ್ಡಿನ ನಕಲು ಸಿಕ್ಕಿತು. ಹುಟ್ಟಿದ್ದು ಸಂಜೆ ಆರಕ್ಕೆ. ರಕ್ತ ತೆಗೆದದ್ದು ಮರುದಿನ ಬೆಳಿಗ್ಗೆ ಎಂಟಕ್ಕೆ. ಹದಿನಾಲ್ಕೇ ಗಂಟೆ. ಅಷ್ಟು ಬೇಗ ತೆಗೆದ ರಕ್ತದಲ್ಲಿ ತಪ್ಪುವವರು ನೂರಕ್ಕೆ ಒಂದಲ್ಲ, ಮೂರು ಎಂದುಕೊಂಡರೂ ಫೋನ್ ಹೋಗುವುದು ಮೂವತ್ತೊಂದು ಮನೆಗಳಿಗೆ. ನಾನು ಹಾಲಿನ ಪುಸ್ತಕದಲ್ಲಿ ಬರೆದುಕೊಟ್ಟ ಹನ್ನೊಂದು ಈ ಮಗುವಿನ ಲೆಕ್ಕವೇ ಆಗಿರಲಿಲ್ಲ. ಹೋದ ಕೂಡಲೇ ಕೇಳಬೇಕಾಗಿದ್ದ ಮೊದಲ ಪ್ರಶ್ನೆ, ರಕ್ತ ತೆಗೆದದ್ದು ಎಷ್ಟು ಗಂಟೆಗೆ ಎಂಬುದು, ನನಗೆ ಹೊಳೆದಿರಲಿಲ್ಲ.