ಒಂದೇ ಬೇವು, ಮೂರು ಲೆಕ್ಕ: ಎಲೆ, ಕಡ್ಡಿ, ಎಣ್ಣೆ

ಮೊನ್ನೆ ಫಾರ್ಮಕಾಗ್ನಸಿ ವೈವಾದಲ್ಲಿ ಮೇಡಂ ಬೇವಿನೆಣ್ಣೆಯ ಎಲ್‌ಡಿ 50, ಅಂದರೆ ಅರ್ಧ ಪ್ರಾಣಿಗಳು ಸಾಯುವ ಪ್ರಮಾಣ, ಎಷ್ಟು ಅಂದರು. ಬಾಯಿಪಾಠ ಇತ್ತು, "ಇಲಿಗೆ ಕೆಜಿಗೆ 14 ಮಿಲಿ, ಮೊಲಕ್ಕೆ 24 ಮಿಲಿ" ಅಂದೆ. "ಹಾಗಾದರೆ 4 ಕೆಜಿ ತೂಕದ ಕೂಸಿಗೆ ಒಂದು ಚಮಚ ಕುಡಿಸಿದರೆ?" ಅಂತ ಮತ್ತೆ ಕೇಳಿದರು. ಮನಸ್ಸಿನಲ್ಲೇ 14ನ್ನು 4ರಿಂದ ಗುಣಿಸಿದೆ, 56 ಬಂತು. ಚಮಚ ಅಂದರೆ 5 ಮಿಲಿ. "ಏನೂ ಆಗಲ್ಲ ಮೇಡಂ" ಅಂದುಬಿಟ್ಟೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಆ ನೋಟ ಮರೆಯುವ ಮುಂಚೆ ಈ ಟಿಪ್ಪಣಿ ಬರೆಯುತ್ತಿದ್ದೇನೆ. ನಿಮಗೂ ಇದೇ ಪ್ರಶ್ನೆ ಬರಬಹುದು.

ಮೊದಲು ಮರ ಯಾವುದು ಅಂತ

ಅಜಾಡಿರಾಕ್ಟಾ ಇಂಡಿಕಾ, ಮೀಲಿಯೇಸಿ ಕುಟುಂಬ. ಕರಿಬೇವಿಗೂ ಇದಕ್ಕೂ ಹೆಸರು ಬಿಟ್ಟರೆ ಸಂಬಂಧವಿಲ್ಲ. ಮೋಸ ಹೋಗುವುದು ಹುಚ್ಚುಬೇವಿನ ಹತ್ತಿರ. ಅದೂ ಇದೇ ಕುಟುಂಬದ್ದು, ಅದರ ಹಣ್ಣು ವಿಷ. ಗುರುತು ಸುಲಭ: ಬೇವಿನ ಎಲೆದಂಟಿನ ಎರಡೂ ಪಕ್ಕಕ್ಕೆ ಕಿರುಎಲೆಗಳು ನೇರವಾಗಿ ಕೂತಿರುತ್ತವೆ, ಕುಡುಗೋಲಿನ ಹಾಗೆ ಬಾಗಿ ಅಂಚಿಗೆ ಗರಗಸದ ಹಲ್ಲು ಇರುತ್ತದೆ. ಹುಚ್ಚುಬೇವಿನಲ್ಲಿ ದಂಟು ಮತ್ತೆ ಕವಲೊಡೆದು, ಕವಲಿನ ಮೇಲೆ ಕಿರುಎಲೆ. ಬೀದಿ ಬದಿಯ ಮರದಿಂದ ಕಡ್ಡಿ ಮುರಿಯುವವರು ಇಷ್ಟು ನೋಡಿದರೆ ಸಾಕು.

ಹಲ್ಲಿಗೆ ಕಡ್ಡಿ

ಇದು ನನಗೆ ಕಷ್ಟವಾಗಲಿಲ್ಲ, ನಮ್ಮಜ್ಜಿ ಕೊನೆಯವರೆಗೂ ಬ್ರಶ್ ಮುಟ್ಟಲಿಲ್ಲ. ಸುಶ್ರುತ ಸಂಹಿತೆ ಹೇಳುವ ಅಳತೆ ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನಷ್ಟು ದಪ್ಪ. ಕಹಿ ರುಚಿಯ ಕಡ್ಡಿಗಳಲ್ಲಿ ಬೇವೇ ಶ್ರೇಷ್ಠ ಅಂತಲೂ ಅಲ್ಲೇ ಇದೆ. ಒಗರಿಗೆ ಕಗ್ಗಲಿ, ಖಾರಕ್ಕೆ ಹೊಂಗೆ. ಬಾಯಿಹುಣ್ಣು, ಗಂಟಲು ರೋಗ ಇದ್ದವರು ಕಡ್ಡಿ ಬಳಸಬಾರದು ಅಂತಲೂ ಅದೇ ಕಡೆ ಹೇಳಿದೆ. ಹೊಗಳುವವರು ಈ ಮಾತನ್ನು ಯಾಕೋ ಬಿಟ್ಟುಬಿಡುತ್ತಾರೆ.

ಮಾಡುವುದು ಹೀಗೆ. ಹಸಿ ಕಡ್ಡಿ ತೊಳೆದು, ಒಂದು ತುದಿಯನ್ನು ದವಡೆ ಹಲ್ಲಲ್ಲಿ ಜಗಿದು ನಾರು ಬಿಡಿಸಬೇಕು. ನಾರು ಮೆತ್ತಗಾದ ಮೇಲೆ ಒಸಡಿನಿಂದ ಹಲ್ಲಿನ ತುದಿ ಕಡೆಗೆ ಎಳೆಯುತ್ತಾ ಉಜ್ಜಬೇಕು. ಅಡ್ಡಡ್ಡ ಉಜ್ಜಿದರೆ ಒಸಡು ಹಿಂದೆ ಸರಿಯುತ್ತದೆ, ಹಲ್ಲಿನ ಬುಡ ಸವೆದು ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ಒಣಗಿದ ಕಡ್ಡಿಯಲ್ಲಿ ಈ ಪೆಟ್ಟು ಜಾಸ್ತಿ. ಮುಗಿದ ಮೇಲೆ ಆ ತುದಿ ಕತ್ತರಿಸಿ ಎಸೆದು, ಮರುದಿನ ಹೊಸದಾಗಿ ಜಗಿಯಬೇಕು. ರಸ ಬಂದದ್ದನ್ನು ಉಗಿಯಬೇಕು.

ಕೆಲಸ ಮಾಡುವುದು ಎರಡು ದಾರಿಯಲ್ಲಿ: ನಾರಿನ ಉಜ್ಜು, ಮತ್ತೆ ರಸ. ಲ್ಯಾಬಿನಲ್ಲಿ ಬೇವಿನ ಕಡ್ಡಿಯ ನೀರಿನ ಸಾರ, ಹಲ್ಲಿಗೆ ಸಮನಾದ ಖನಿಜದ ಮೇಲೆ ಸ್ಟ್ರೆಪ್ಟೊಕಾಕಸ್ ಅಂಟಿಕೊಳ್ಳುವುದನ್ನು ಕಡಿಮೆ ಮಾಡಿದೆ. ನಮ್ಮ ಮಣಿಪಾಲದಲ್ಲೇ ಬೇವಿನ ಎಲೆಸಾರದ ಜೆಲ್ ಅನ್ನು 36 ಜನ ಯುವಕರ ಮೇಲೆ 6 ವಾರ ನೋಡಿ 2004ರಲ್ಲಿ ಪ್ರಕಟಿಸಿದ್ದಾರೆ. ಹಲ್ಲಿನ ಪಾಚಿ ಇಳಿದಿತ್ತು. ಆದರೆ ಅದು ಅಳೆದು ಮಾಡಿದ ಜೆಲ್, ಅಜ್ಜಿಯ ಕಡ್ಡಿಯಲ್ಲ. ಕಡ್ಡಿಯಲ್ಲಿ ಫ್ಲೋರೈಡ್ ಪೇಸ್ಟಿನ ಫ್ಲೋರೈಡ್ ಇಲ್ಲ. ಆಗಲೇ ಆದ ಹುಳುಕನ್ನು ಅದು ಮುಚ್ಚಲಾರದು, ಕಲ್ಲಾದ ಗಾರೆಯನ್ನು ಕೀಳಲಾರದು.

ಚರ್ಮಕ್ಕೆ ಎಲೆ

ಸೀತಾಳೆ ಸಿಡುಬು ಇಳಿದ ಮೇಲೆ ಬೇವಿನ ನೀರು ಹೊಯ್ಯುವುದು ಎಲ್ಲರಿಗೂ ಗೊತ್ತು, ಬಿಡಿ. ಓದಲು ಯೋಗ್ಯವಾದದ್ದು ಕಜ್ಜಿ. 1992ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬೇವಿನ ಎಲೆ ಮತ್ತು ಅರಿಶಿನ ಅರೆದ ಲೇಪವನ್ನು 814 ಜನರಿಗೆ ಹಚ್ಚಿದ್ದರು, 97 ಶೇಕಡ ಜನರಿಗೆ 3ರಿಂದ 15 ದಿನದಲ್ಲಿ ವಾಸಿಯಾಯಿತು ಎಂದು ವರದಿ. ಸಂಖ್ಯೆ ದೊಡ್ಡದು, ಆದರೆ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಹಾಗಾಗಿ ಭರವಸೆ ಅನ್ನಬಹುದು, ಪುರಾವೆ ಅಂತ ಬರೆದರೆ ಅಂಕ ಹೋಗುತ್ತದೆ.

ಕಜ್ಜಿಯಲ್ಲಿ ಎಡವುವುದು ಲೇಪದಲ್ಲಲ್ಲ, ಹಚ್ಚುವ ರೀತಿಯಲ್ಲಿ. ಹುಳ ಕೂತಿರುವುದು ತುರಿಸುವ ಜಾಗದಲ್ಲಿ ಮಾತ್ರ ಅಲ್ಲ. ಕತ್ತಿನಿಂದ ಅಂಗಾಲಿನವರೆಗೆ, ಬೆರಳ ಸಂದು, ಹೊಕ್ಕುಳು, ಉಗುರಿನ ಅಡಿ ಸೇರಿ ಹಚ್ಚಬೇಕು. ಮನೆಯ ಎಲ್ಲರಿಗೂ ಒಂದೇ ದಿನ, ತುರಿಕೆ ಇಲ್ಲದವರಿಗೂ. ಬಟ್ಟೆ, ಹೊದಿಕೆ ಬಿಸಿನೀರಲ್ಲಿ ಒಗೆಯಬೇಕು. ಹುಳ ಸತ್ತ ಮೇಲೂ ತುರಿಕೆ 2ರಿಂದ 4 ವಾರ ಉಳಿಯಬಹುದು, ಅದಕ್ಕೆ ಹೆದರಿ ಮತ್ತೆ ಮತ್ತೆ ತಿಕ್ಕಿದರೆ ಚರ್ಮ ಸುಲಿಯುತ್ತದೆ. ಹೊಸ ಗೆರೆ, ಹೊಸ ಗುಳ್ಳೆ ಬರುತ್ತಿದ್ದರೆ ಹುಳ ಬದುಕಿದೆ ಅಂತ ಲೆಕ್ಕ, ಆಗ ಪರ್ಮೆತ್ರಿನ್ ಮುಲಾಮಿಗೆ ಡಾಕ್ಟರ ಹತ್ತಿರ ಹೋಗಬೇಕು.

ಬೇವಿನಿಂದಲೇ ಚರ್ಮ ಕೆಂಪಾಗಿ ಉರಿಯುವವರೂ ಇದ್ದಾರೆ. ಮೊಣಕೈ ಒಳಮಡಿಕೆಗೆ ಚಿಕ್ಕ ಬೊಟ್ಟು ಹಚ್ಚಿ ಒಂದು ದಿನ ಬಿಟ್ಟು ನೋಡಿ. ಎಣ್ಣೆ ಆದರೆ ಕೊಬ್ಬರಿ ಎಣ್ಣೆಯಲ್ಲಿ ತೆಳು ಮಾಡಿಕೊಂಡು ಹಚ್ಚುವುದು ವಾಡಿಕೆ. ಗೊಬ್ಬರದ ಅಂಗಡಿಯಲ್ಲಿ ಗಿಡಕ್ಕೆ ಸಿಂಪಡಿಸಲು ಮಾರುವ ಬೇವಿನೆಣ್ಣೆಯಲ್ಲಿ ನೀರಿಗೆ ಬೆರೆಯುವ ಹಾಗೆ ಬೇರೆ ದ್ರವ ಸೇರಿಸಿರುತ್ತಾರೆ. ಅದನ್ನು ಮೈಗೆ ತರಲೇಬೇಡಿ.

ನಾನು ಬಿದ್ದ ಗುಂಡಿ: ಹೊಟ್ಟೆಗೆ ಎಣ್ಣೆ

ಇಲ್ಲಿ ನಿಧಾನವಾಗಿ ಓದಿ.

ಎಲ್‌ಡಿ 50 ಅಂದರೆ ಗುಂಪಿನಲ್ಲಿ ಅರ್ಧ ಪ್ರಾಣಿಗಳು ಸಾಯುವ ಪ್ರಮಾಣ. ನಾನು ಅದನ್ನು "ಇದಕ್ಕಿಂತ ಕಡಿಮೆ ಕೊಟ್ಟರೆ ಅಪಾಯವಿಲ್ಲ" ಅಂತ ಓದಿಕೊಂಡಿದ್ದೆ. ಅದು ಸಾವಿನ ಗೆರೆ, ಅದಕ್ಕಿಂತ ಬಹಳ ಕೆಳಗೇ ಕಾಯಿಲೆಯ ಗೆರೆ ಇರುತ್ತದೆ. ಇಲಿ, ಮೊಲಗಳ ಆ ಸಂಖ್ಯೆ ಬಂದ ಪ್ರಯೋಗದಲ್ಲಿ ಶ್ವಾಸಕೋಶ ಮತ್ತು ನರಮಂಡಲಕ್ಕೆ ಪೆಟ್ಟು ಬಿದ್ದದ್ದನ್ನೂ ಬರೆದಿದ್ದಾರೆ; ನಾನು ಸಂಖ್ಯೆ ಮಾತ್ರ ಬಾಯಿಪಾಠ ಮಾಡಿದ್ದೆ. ಇನ್ನೊಂದು ಸುಳಿವೂ ಕಣ್ಣೆದುರೇ ಇತ್ತು: ಇಲಿಗೆ 14, ಮೊಲಕ್ಕೆ 24. ಎರಡು ಪ್ರಾಣಿಗಳ ನಡುವೆಯೇ ಇಷ್ಟು ವ್ಯತ್ಯಾಸ ಇರುವಾಗ, ಕೂಸಿಗೆ ಇಲಿಯ ಲೆಕ್ಕ ಹಿಡಿಯುವುದು ಹೇಗೆ?

ಈಗ ಮನುಷ್ಯರ ಕಡೆ. ಮಲೇಷ್ಯಾದ ಭಾರತೀಯ ಮೂಲದ ಮನೆಗಳಲ್ಲಿ ನೆಗಡಿ, ಹೊಟ್ಟೆಹುಳ ಅಂತ ಕೂಸುಗಳಿಗೆ ಬೇವಿನೆಣ್ಣೆ ಕುಡಿಸುವ ರೂಢಿ ಇತ್ತು. 1981ರಲ್ಲಿ ಅಲ್ಲಿನ ವೈದ್ಯರು ಹೀಗೆ ಕಾಯಿಲೆ ಬಿದ್ದ 13 ಕೂಸುಗಳ ವರದಿಯನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ವಾಂತಿ, ತೂಕಡಿಕೆ, ಬುಸುಬುಸು ಉಸಿರು, ಆಮೇಲೆ ಪಿಟ್ಸ್. ರಕ್ತದಲ್ಲಿ ಆಮ್ಲ ಏರಿತ್ತು. ಯಕೃತ್ತಿನಲ್ಲಿ ಕೊಬ್ಬು ತುಂಬಿ ಮಿದುಳು ಊದುವ ರೈ ಸಿಂಡ್ರೋಮ್‌ನ ಹಾಗೆಯೇ ಕಾಣುತ್ತಿತ್ತು. ಬರೀ 5 ಮಿಲಿ ಕುಡಿದವರಲ್ಲೂ ಇಂಥ ವಿಷಬಾಧೆ ವರದಿಯಾಗಿದೆ.

ಒಂದು ಚಮಚವನ್ನು ಬಿಡಿಸಿ ನೋಡೋಣ. 5 ಮಿಲಿಯನ್ನು 4 ಕೆಜಿಯಿಂದ ಭಾಗಿಸಿದರೆ ಕೆಜಿಗೆ 1.25 ಮಿಲಿ. ಇಲಿಯ ಎಲ್‌ಡಿ 50ರ ಹನ್ನೊಂದನೇ ಒಂದು ಪಾಲು. ಅಲ್ಲೇ ಪಿಟ್ಸ್! ಅದೇ ಚಮಚವನ್ನು 60 ಕೆಜಿಯ ಅಪ್ಪ ಕುಡಿದರೆ ಕೆಜಿಗೆ 0.08 ಮಿಲಿ. ಅಪ್ಪ ಕುಡಿದು ಆರಾಮಾಗಿ ಓಡಾಡಿದರೆ ಮನೆಯವರು "ನೋಡು, ಏನೂ ಆಗಲಿಲ್ಲ" ಅಂತ ಅದೇ ಚಮಚ ಕೂಸಿನ ಒಳಲೆಗೆ ಸುರಿಯುತ್ತಾರೆ. ಕೂಸಿಗೆ ಹೋಗುವುದು ಅಪ್ಪನ ಹದಿನೈದು ಪಾಲು. ಚಮಚ ಬದಲಾಗಲಿಲ್ಲ, ಮೈ ಬದಲಾಯಿತು. ಈ ಒಂದು ಭಾಗಾಕಾರ ಗೊತ್ತಿದ್ದರೆ ಮೇಡಂ ಪೆನ್ನು ಕೆಳಗಿಡುತ್ತಿರಲಿಲ್ಲ.

ಹಾಗಂತ "ಅರ್ಧ ಚಮಚ ಕೊಡೋಣ" ಅಂತ ಇಳಿಸುತ್ತಾ ಹೋಗಬೇಡಿ. ತೂಕ ಒಂದೇ ಕಾರಣವಲ್ಲ. ಜೀವಕೋಶದಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಕೆಲಸವನ್ನೇ ಈ ಎಣ್ಣೆ ತಡೆಯುತ್ತದೆ ಎಂದು ಇಲಿಯ ಯಕೃತ್ತಿನ ಮೇಲೆ ನಡೆದ ಅಧ್ಯಯನ ತೋರಿಸಿದೆ. ಜ್ವರ ಬಂದು ಹಾಲು ಕುಡಿಯದೆ ಮಲಗಿದ ಕೂಸಿನ ಬಳಿ ಸಕ್ಕರೆಯ ದಾಸ್ತಾನು ಮೊದಲೇ ಕಡಿಮೆ. ನೆಗಡಿ ಜ್ವರಕ್ಕೆ ಅಂತ ಕುಡಿಸುವುದು ಸರಿಯಾಗಿ ಆ ಹೊತ್ತಿಗೇ. ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕ 12 ವರ್ಷದೊಳಗಿನವರಿಗೆ, ಬಸುರಿಯರಿಗೆ, ಹಾಲೂಡಿಸುವವರಿಗೆ ಈ ಎಣ್ಣೆ ಬೇಡ ಅನ್ನುತ್ತದೆ. ಕೂಸಿಗೆ ಕೊಡಬಹುದಾದ ಪ್ರಮಾಣ ಸೊನ್ನೆ.

ಗುರುತು ಹಿಡಿಯುವುದು: ಕುಡಿಸಿದ ಕೆಲವು ನಿಮಿಷದಿಂದ ಕೆಲವು ಗಂಟೆಯೊಳಗೆ ವಾಂತಿ, ಎಬ್ಬಿಸಿದರೂ ಏಳದ ತೂಕಡಿಕೆ, ವೇಗದ ಉಸಿರು. ಪಿಟ್ಸ್ ಬರಲಿ ಅಂತ ಕಾಯಬಾರದು. ಬೆರಳು ಹಾಕಿ ವಾಂತಿ ಮಾಡಿಸಬಾರದು, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಕಾಯಿಲೆ. 108ಕ್ಕೆ ಕರೆ ಮಾಡಿ, ಸೀಸೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಇದಕ್ಕೆ ಪ್ರತಿವಿಷ ಇಲ್ಲ; ಆಸ್ಪತ್ರೆಯಲ್ಲಿ ಪಿಟ್ಸ್ ನಿಲ್ಲಿಸಿ, ಆಮ್ಲ ಮತ್ತು ಸಕ್ಕರೆ ಸರಿಪಡಿಸುತ್ತಾರೆ. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಆದರೆ ಸತ್ತವರೂ, ನರದ ಊನ ಉಳಿದವರೂ ಇದ್ದಾರೆ.

ಹಾಗಾದರೆ ಯುಗಾದಿಯ ಬೇವುಬೆಲ್ಲ?

ನನ್ನ ರೂಮ್‌ಮೇಟ್ ತಕ್ಷಣ ಕೇಳಿದ್ದು ಇದನ್ನೇ. ವರ್ಷಕ್ಕೊಮ್ಮೆ, ಚಿಟಿಕೆಯಷ್ಟು ಹೂವು, ಚಿಗುರು. ಅದು ಎಲೆ, ಹೂವು. ಬೀಜ ಹಿಂಡಿ ತೆಗೆದ ಎಣ್ಣೆಯಲ್ಲ. ತಲೆಕೆಡಿಸಿಕೊಳ್ಳಬೇಡಿ.

ದಿನಾ ಬರಿ ಹೊಟ್ಟೆಗೆ ಲೋಟಗಟ್ಟಲೆ ಎಲೆರಸ ಕುಡಿಯುವವರ ಮಾತು ಬೇರೆ. ಬೇವು ರಕ್ತದ ಸಕ್ಕರೆಯನ್ನು ಇಳಿಸಬಲ್ಲದು. ಗ್ಲಿಬೆನ್‌ಕ್ಲಮೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಎರಡೂ ಸೇರಿ ಕೈ ನಡುಗಿ, ಬೆವರಿ, ತಲೆ ಸುತ್ತಬಹುದು. ಬಸುರಿಗೆ, ಮಗುವಿಗಾಗಿ ಕಾಯುತ್ತಿರುವವರಿಗೆ ಬೇಡ. ಬೇವಿನೆಣ್ಣೆಯನ್ನು ಗರ್ಭನಿರೋಧಕವಾಗಿಯೇ ಸಂಶೋಧಿಸಿದ್ದಾರೆ. ಕೆಂಪು ರಕ್ತಕಣವನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರೊಬ್ಬರಿಗೆ ಬೇವಿನ ಚಹಾ ಕುಡಿದು ಕೆಂಪು ರಕ್ತಕಣ ಒಡೆದ ಪ್ರಕರಣವೂ ವರದಿಯಾಗಿದೆ.

ಮರು ವೈವಾ ಶುಕ್ರವಾರ. ಮೇಡಂ ಈ ಸಲ ಕೂಸಿನ ತೂಕ 6 ಕೆಜಿ ಅಂತ ಬದಲಾಯಿಸಿ ಕೇಳಬಹುದು. ಕೆಜಿಗೆ 0.83, ಉತ್ತರ ಆಗಲೂ ಸೊನ್ನೆಯೇ.